ಹೊಸ ಬಾಟ್ ಮೂರೇ ದಿನಕ್ಕೆ ಗೆದ್ದಿದೆ, ಟೆಸ್ಟ್ ನಿಲ್ಲಿಸಬಹುದಾ?

ಪ್ರಶ್ನೆ (ಪ್ರಾಡಕ್ಟ್ ಟೀಮ್‌ನವರು)

ನಮ್ಮದು ಬಸ್ ಟಿಕೆಟ್ ಬುಕಿಂಗ್ ಆ್ಯಪ್. ಕ್ಯಾನ್ಸಲ್, ರೀಫಂಡ್, ಬಸ್ ಎಲ್ಲಿದೆ ಅನ್ನೋದಕ್ಕೆಲ್ಲ ಒಂದು ಚಾಟ್‌ಬಾಟ್ ಇದೆ. ಸೋಮವಾರದಿಂದ ಅರ್ಧ ಜನಕ್ಕೆ ಹಳೇದು, ಅರ್ಧ ಜನಕ್ಕೆ ಹೊಸದು ಬಿಟ್ಟಿದ್ದೀವಿ. ಬುಧವಾರ ರಾತ್ರಿ ಲೆಕ್ಕ ಹೀಗಿದೆ: ಹಳೇದರಲ್ಲಿ 660 ಜನ, ಅವರಲ್ಲಿ 396 ಜನ ಏಜೆಂಟ್ ಹತ್ತಿರ ಹೋಗದೆ ಬಾಟ್‌ನಲ್ಲೇ ಮುಗಿಸ್ಕೊಂಡಿದ್ದಾರೆ, ಅಂದ್ರೆ 60%. ಹೊಸದರಲ್ಲಿ 540ಕ್ಕೆ 356, ಸುಮಾರು 66%. ಪಿ-ವ್ಯಾಲ್ಯೂ, ಅಂದ್ರೆ ಬರೀ ಅದೃಷ್ಟದಿಂದಲೇ ಇಷ್ಟು ಅಥವಾ ಇನ್ನೂ ಹೆಚ್ಚು ವ್ಯತ್ಯಾಸ ಕಾಣೋ ಸಾಧ್ಯತೆ, 0.035. ಶುಕ್ರವಾರದೊಳಗೆ ಎಲ್ಲರಿಗೂ ಹೊಸದನ್ನೇ ಹಾಕಿ ಅಂತ ಮ್ಯಾನೇಜರ್ ಹೇಳ್ತಿದ್ದಾರೆ. ನಿಲ್ಲಿಸಬಹುದಾ? ಇಲ್ಲಾಂದ್ರೆ ಎಷ್ಟು ದಿನ ಓಡಿಸಬೇಕು?

ಒಬ್ಬ ಡೆವಲಪರ್

0.05ಕ್ಕಿಂತ ಕಡಿಮೆ ಬಂತಲ್ಲ ಗುರು, ಇನ್ನೇನು ಬೇಕು? ಹಾಕ್ಬಿಡಿ. ದಿನಾ ನೋಡಬಾರದು ಅಂತ ಯಾರಾದ್ರೂ ತಕರಾರು ತೆಗೆದ್ರೆ ಬೇಯೇಸಿಯನ್ ಲೆಕ್ಕಕ್ಕೆ ಹೋಗಿ. ಅದರಲ್ಲಿ ಯಾವಾಗ ಬೇಕಾದ್ರೂ ನೋಡಬಹುದು, ಈ ಗೋಳೇ ಇಲ್ಲ.

ಉತ್ತರ (ಟೆಸ್ಟ್‌ಗಳ ಲೆಕ್ಕ ನೋಡುವವರು)

ನಿಲ್ಲಿಸಬೇಡಿ. ಎರಡು ಕಾರಣ ಇವೆ. ನೀವು ಕೇಳಿರೋದು ಮೊದಲನೆಯದನ್ನ. ಎರಡನೆಯದು ನಿಮ್ಮ ಅಂಕಿಯಲ್ಲೇ ಕೂತಿದೆ, ನೀವು ಗಮನಿಸಿಲ್ಲ ಅನ್ಸುತ್ತೆ.

0.05 ಅನ್ನೋ ಗೆರೆಗೆ ಒಂದು ಷರತ್ತಿದೆ: ಇಷ್ಟು ಜನ ಆದ್ಮೇಲೆ ಒಂದೇ ಸಲ ನೋಡ್ತೀನಿ ಅಂತ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಹಾಗೆ ನೋಡಿದ್ರೆ, ಎರಡು ಬಾಟ್‌ಗೂ ನಿಜವಾಗಿ ಏನೂ ವ್ಯತ್ಯಾಸ ಇಲ್ಲದಿದ್ದಾಗ 100ರಲ್ಲಿ 5 ಸಲ ಮಾತ್ರ ಸುಳ್ಳು ಗೆಲುವು ಕಾಣುತ್ತೆ. ದಿನಾ ಡ್ಯಾಶ್‌ಬೋರ್ಡ್ ತೆರೆದು, ಗೆರೆ ದಾಟಿದ ದಿನವೇ ನಿಲ್ಲಿಸ್ತೀನಿ ಅಂದ್ರೆ ಪ್ರತಿ ಸಲ ನೋಡಿದಾಗಲೂ ಮೋಸ ಹೋಗೋಕೆ ಇನ್ನೊಂದು ಅವಕಾಶ. ಸಮ ಅಂತರದಲ್ಲಿ 5 ಸಲ ನೋಡಿದ್ರೆ ಆ 5% ಸುಮಾರು 14% ಆಗುತ್ತೆ, 10 ಸಲಕ್ಕೆ 19%. ನನ್ನ ಮಾತು ನಂಬಬೇಡಿ, ಇದನ್ನ ಓಡಿಸಿ ನೋಡಿ. ಎರಡೂ ಬಾಟ್ ಒಂದೇ, ಎರಡಕ್ಕೂ 60%, ದಿನಕ್ಕೆ ತಲಾ 200 ಜನ, 21 ದಿನ, ದಿನಾ ಒಂದು ಇಣುಕು:

```python
import numpy as np
rng = np.random.default_rng(1)
n = 200 * np.arange(1, 22)
hits = 0
for _ in range(2000):
    a = rng.binomial(200, 0.6, 21).cumsum()
    b = rng.binomial(200, 0.6, 21).cumsum()
    p = (a + b) / (2 * n)
    z = (b - a) / n / np.sqrt(2 * p * (1 - p) / n)
    hits += (abs(z) > 1.96).any()
print(hits / 2000)
```

ನಾಲ್ಕರಲ್ಲೊಂದು ಟೆಸ್ಟ್ ಯಾವುದೋ ಒಂದು ದಿನ "ಗೆದ್ದಿದೆ" ಅನ್ನುತ್ತೆ. ಒಂದೇ ಬಾಟನ್ನ ಅದರ ಜೊತೆಗೇ ಹೋಲಿಸಿದಾಗ!

ಇನ್ನೊಂದು ನೋಡಿ. ತಲಾ ಸುಮಾರು 600 ಜನ ಇದ್ದಾಗ, ವ್ಯತ್ಯಾಸ ಐದೂವರೆ ಪಾಯಿಂಟ್ ಇದ್ರೆ ಮಾತ್ರ ಗೆರೆ ದಾಟುತ್ತೆ. ಹೊಸ ಬಾಟ್ ನಿಜವಾಗಿ 2 ಪಾಯಿಂಟ್ ಮೇಲಿದೆ ಅಂತಲೇ ಇಟ್ಕೊಳ್ಳಿ. ಬುಧವಾರ ಗೆದ್ದ ಹಾಗೆ ಕಾಣಬೇಕಂದ್ರೆ ಅದೃಷ್ಟ ಅದನ್ನ ಐದೂವರೆ ದಾಟಿಸಲೇಬೇಕು. ಅಂದ್ರೆ ಮೂರನೇ ದಿನಕ್ಕೆ ನಿಲ್ಲಿಸಿದ ಟೆಸ್ಟ್ ಗೆದ್ದಿದ್ದು ನಿಜವಾದ್ರೂ, ಎಷ್ಟರಿಂದ ಗೆದ್ದಿತು ಅನ್ನೋದನ್ನ ಉಬ್ಬಿಸಿಯೇ ಹೇಳಿರುತ್ತೆ. ಮ್ಯಾನೇಜರ್ ಮೇಲಿನವರಿಗೆ 6 ಪಾಯಿಂಟ್ ಅಂತ ಸ್ಲೈಡ್ ಮಾಡ್ತಾರೆ, ಮುಂದಿನ ತಿಂಗಳು ಆ 6 ಎಲ್ಲಿ ಹೋಯ್ತು ಅಂತ ನಿಮ್ಮನ್ನ ಕೇಳ್ತಾರೆ.

ಎಷ್ಟು ದಿನ ಅನ್ನೋದಕ್ಕೆ ಮೊದಲು ಒಂದು ಅಂಕಿ ಬೇಕು, ಅದು ಲೆಕ್ಕದವರು ಕೊಡೋದಲ್ಲ. ಎಷ್ಟು ಪಾಯಿಂಟ್ ಹೆಚ್ಚಾದ್ರೆ ಹೊಸ ಬಾಟ್‌ನ ಖರ್ಚಿಗೆ ಸರಿಹೋಗುತ್ತೆ? ಪ್ರತಿ ಚಾಟ್‌ಗೂ ಹೊಸದು ಹೆಚ್ಚು ದುಡ್ಡು ತಿನ್ನುತ್ತಿದ್ರೆ ಅರ್ಧ ಪಾಯಿಂಟ್ ಗೆಲುವಿಗೆ ಅರ್ಥ ಇಲ್ಲ. 3 ಪಾಯಿಂಟ್ ಅಂತ ಹಿಡೀತೀನಿ. ಕೈಲೆಕ್ಕ ಇದು, p ಅಂದ್ರೆ ಈಗಿನ 60%, d ಅಂದ್ರೆ ಹಿಡಿಯಬೇಕಾದ ವ್ಯತ್ಯಾಸ:

```
n = 16 × p × (1 − p) / d²
n = 16 × 0.6 × 0.4 / 0.03² ≈ 4267
```

ಇದು ಒಂದೊಂದು ಕಡೆಗೆ ಬೇಕಾದ ಜನ. 3 ಪಾಯಿಂಟ್ ವ್ಯತ್ಯಾಸ ನಿಜವಾಗಿ ಇದ್ರೆ 100ರಲ್ಲಿ 80 ಸಲ ಹಿಡಿಯೋಕೆ ಇಷ್ಟು ಸಾಕು. ನಿಮಗೆ ಒಂದೊಂದು ಕಡೆ ದಿನಕ್ಕೆ 200 ಜನ ಬರ್ತಾರೆ, ಮೂರು ವಾರದಲ್ಲಿ 4,200, ಅಲ್ಲಿಗೆ ಹೆಚ್ಚುಕಡಿಮೆ ಸರಿ. 5 ಪಾಯಿಂಟ್ ಸಾಕು ಅಂದ್ರೆ ತಲಾ 1,536 ಜನ, ಎಂಟು ದಿನದ ಕೆಲಸ. ಆದ್ರೂ ಪೂರ್ತಿ ಎರಡು ವಾರ ಓಡಿಸಿ, ವಾರದ ಮಧ್ಯೆ ಮಾತ್ರ ನಿಲ್ಲಿಸಬೇಡಿ. ನೀವು ನೋಡಿರೋದು ಸೋಮವಾರ, ಮಂಗಳವಾರ, ಬುಧವಾರ. ಶುಕ್ರವಾರ ಸಂಜೆ ಊರಿಗೆ ಹೊರಟವರು ಬಾಟ್ ಹತ್ತಿರ ಕೇಳೋದೇ ಬೇರೆ, ಕೇಳೋ ಧಾಟಿಯೇ ಬೇರೆ. ಬಸ್ ಕಂಪನಿಯವರಿಗೆ ಇದನ್ನ ನಾನು ಹೇಳಬೇಕಾಗಿಲ್ಲ.

ಈಗ ಎರಡನೇ ಕಾರಣ. ಅರ್ಧರ್ಧ ಹಂಚಿದ್ದೀವಿ ಅಂದ್ರಿ, ಆದ್ರೆ ಬಂದಿರೋದು 660 ಮತ್ತು 540. ನಾಣ್ಯ ಚಿಮ್ಮಿದ ಹಾಗೆ ಹಂಚಿದ್ರೆ 1,200 ಜನದಲ್ಲಿ ಇಷ್ಟು ಏರುಪೇರು ಬರೋದು 2,000ದಲ್ಲಿ ಒಂದು ಸಲ. ಎಲ್ಲೋ ಜನ ಸೋರಿಹೋಗ್ತಿದ್ದಾರೆ. ಯಾವ ಕ್ಷಣದಲ್ಲಿ "ಈ ಯೂಸರ್ ಟೆಸ್ಟ್‌ನಲ್ಲಿದ್ದಾನೆ" ಅಂತ ಲಾಗ್ ಬರೀತೀರಿ, ನೋಡಿ ಹೇಳಿ. ಅದು ಗೊತ್ತಾಗೋವರೆಗೂ ಮೇಲಿನ ಪಿ-ವ್ಯಾಲ್ಯೂ ಕಟ್ಟಿಕೊಂಡು ಏನೂ ಆಗಬೇಕಾಗಿಲ್ಲ.

ಡೆವಲಪರ್ ಸರ್, ಬೇಯೇಸಿಯನ್ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. ಹೊಸದು ಮೇಲು ಅನ್ನೋ ಸಂಭವನೀಯತೆ ಎಷ್ಟು ಅಂತ ಅದು ನೇರವಾಗಿ ಹೇಳುತ್ತೆ. ನಡುವೆ ಇಣುಕಿದ್ರೂ ಆ ಸಂಭವನೀಯತೆಯ ಅರ್ಥ ಕೆಡಲ್ಲ, ಶುರುವಿನಲ್ಲಿ ನೀವಿಟ್ಟ ಊಹೆ ಪ್ರಾಮಾಣಿಕವಾಗಿದ್ರೆ. ಏನೂ ಊಹೆ ಇಲ್ಲ ಅಂತ ಸಪಾಟಾಗಿಟ್ಟು, "ಹೊಸದು ಮೇಲು ಅನ್ನೋ ಸಾಧ್ಯತೆ 95% ದಾಟಿದ ದಿನ ನಿಲ್ಲಿಸ್ತೀನಿ" ಅಂದ್ರೆ ಸುಳ್ಳು ಗೆಲುವು ಅದರಲ್ಲೂ ಹೆಚ್ಚುತ್ತೆ. ಮೇಲಿನ ಕೋಡ್‌ನಲ್ಲೇ ಬದಲಾಯಿಸಿ ನೋಡಬಹುದು.

ಡೆವಲಪರ್

ಓಡಿಸಿದೆ, ಒಪ್ಪಿದೆ. ಆದ್ರೆ ಮೂರು ವಾರ ಕಣ್ಮುಚ್ಚಿ ಕೂರೋದು ಯಾವ ಕಂಪನಿಯಲ್ಲೂ ಆಗಲ್ಲ ಮೇಡಂ. ಹೊಸ ಬಾಟ್ ಹಾಳು ಉತ್ತರ ಕೊಡ್ತಿದ್ರೂ ಸುಮ್ನೆ ಇರಬೇಕಾ?

ಉತ್ತರ

ಇರಬಾರದು. ಗೆಲುವಿಗೆ ನಿಲ್ಲಿಸೋದು ಬೇರೆ, ಅಪಾಯಕ್ಕೆ ನಿಲ್ಲಿಸೋದು ಬೇರೆ. ಏರ್ ಕೆನಡಾದ ಬಾಟ್ ಒಬ್ಬ ಪ್ರಯಾಣಿಕರಿಗೆ ರಿಯಾಯಿತಿ ನಿಯಮ ತಪ್ಪಾಗಿ ಹೇಳಿತ್ತು. 2024ರಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ, ಬಾಟ್ ಹೇಳಿದ್ದಕ್ಕೆ ಕಂಪನಿಯೇ ಹೊಣೆ ಅಂತ ಪರಿಹಾರ ಕೊಡಿಸಿತು. ನಿಮ್ಮ ಹೊಸ ಬಾಟ್ ಇಲ್ಲದ ರೀಫಂಡ್ ಕೊಡ್ತೀನಿ ಅಂದಿದ್ದು ಕಂಡ್ರೆ ಪಿ-ವ್ಯಾಲ್ಯೂಗೆ ಕಾಯಬೇಡಿ, ಅವತ್ತೇ ಎಳೆದುಹಾಕಿ. ಯಾವ ಯಾವ ತಪ್ಪಿಗೆ ನಿಲ್ಲಿಸ್ತೀವಿ ಅಂತ ಮೊದಲೇ ಬರೆದಿಡಿ.

ಗೆಲುವನ್ನೂ ನಡುವೆ ನೋಡಲೇಬೇಕು ಅಂದ್ರೆ ಅದಕ್ಕೆ ಬೆಲೆ ಕೊಟ್ಟು ನೋಡಿ. ಓಬ್ರಿಯನ್-ಫ್ಲೆಮಿಂಗ್ ಅಂತ 1979ರ ವಿಧಾನ ಇದೆ, ಔಷಧಿ ಪ್ರಯೋಗದವರು ಇವತ್ತಿಗೂ ಬಳಸ್ತಾರೆ. ವಾರಕ್ಕೊಂದರಂತೆ ಮೂರು ಸಲ ನೋಡೋದಾದ್ರೆ ಮೊದಲ ವಾರ ಪಿ-ವ್ಯಾಲ್ಯೂ 0.0005ಕ್ಕಿಂತ ಕೆಳಗಿದ್ರೆ ಮಾತ್ರ ನಿಲ್ಲಿಸಬಹುದು, ಎರಡನೇ ವಾರ 0.014, ಕೊನೆಯ ವಾರ 0.045. ನಿಮ್ಮ 0.035 ಮೊದಲ ಬಾಗಿಲ ಹತ್ತಿರಕ್ಕೂ ಬರಲ್ಲ.

ಒಂದು ಕಾಲೇಜಿನ ಕಚೇರಿಯವರು

ನಮ್ಮಲ್ಲೂ ಅಡ್ಮಿಷನ್‌ಗೆ ಅಂತ ವಾಟ್ಸ್ಆ್ಯಪ್ ಬಾಟ್ ಇದೆ. ಎರಡು ವರ್ಷನ್ ಇವೆ, ದಿನಕ್ಕೆ 30 ಜನ ಬರ್ತಾರೆ. ಒಂದು ವಾರ ಹಳೇದು, ಒಂದು ವಾರ ಹೊಸದು ಹಾಕಿ ನೋಡಿದ್ವಿ, ಹೊಸದೇ ಚೆನ್ನಾಗಿತ್ತು. ಹೀಗೆ ಮಾಡಿದ್ರೆ ಸುಲಭ ಅಲ್ವಾ? ಯಾಕಿಷ್ಟು ಲೆಕ್ಕ?

ಉತ್ತರ

ಒಂದು ವಾರ ಅದು, ಒಂದು ವಾರ ಇದು ಅಂದಾಗ ಬಾಟ್ ಜೊತೆ ಜನರೂ ಬದಲಾಗಿಬಿಡ್ತಾರೆ ಸರ್. ಫಲಿತಾಂಶ ಬಂದ ವಾರಕ್ಕೂ ಅದರ ಮುಂದಿನ ವಾರಕ್ಕೂ ಬರೋ ಪ್ರಶ್ನೆಗಳು ಒಂದೇ ಥರ ಇರಲ್ಲ. ಒಟ್ಟಿಗೆ ಓಡಿಸಿದ್ರೂ ದಿನಕ್ಕೆ 30 ಜನದಲ್ಲಿ 5 ಪಾಯಿಂಟ್ ವ್ಯತ್ಯಾಸ ಹಿಡಿಯೋಕೆ ಮೂರು ತಿಂಗಳು ದಾಟುತ್ತೆ, ಅಷ್ಟರಲ್ಲಿ ಅಡ್ಮಿಷನ್ನೇ ಮುಗಿದಿರುತ್ತೆ. ನಿಮಗೆ ಲೈವ್ ಟೆಸ್ಟ್ ಬೇಡ. ಹಳೇ ಚಾಟ್‌ಗಳಿಂದ ನೂರೋ ಇನ್ನೂರೋ ಪ್ರಶ್ನೆ ತೆಗೆದು ಎರಡೂ ಬಾಟ್‌ಗೆ ಕೊಡಿ. ಯಾವ ಉತ್ತರ ಯಾವ ಬಾಟ್‌ದು ಅಂತ ಹೇಳದೆ, ಅಡ್ಮಿಷನ್ ನೋಡಿಕೊಳ್ಳೋ ಇಬ್ಬರ ಹತ್ತಿರ ಯಾವುದು ಸರಿ ಅಂತ ಗುರುತು ಹಾಕಿಸಿ. ಒಂದೇ ಪ್ರಶ್ನೆಗೆ ಎರಡೂ ಉತ್ತರ ಪಕ್ಕಪಕ್ಕ ಇರೋದ್ರಿಂದ ಕಡಿಮೆ ಪ್ರಶ್ನೆಯಲ್ಲೇ ವ್ಯತ್ಯಾಸ ಕಾಣುತ್ತೆ.

ಪ್ರಶ್ನೆ ಕೇಳಿದವರು

ಮೇಡಂ, ಲಾಗ್ ನೋಡಿದ್ವಿ. ಯೂಸರ್ ಚಾಟ್ ತೆರೆದಾಗ ಅಲ್ಲ, ಬಾಟ್‌ನ ಮೊದಲ ಉತ್ತರ ಬಂದ್ಮೇಲೆ ಬರೀತಿದೆ. ಹಳೇ ಬಾಟ್‌ಗೆ ಮೊದಲ ಉತ್ತರಕ್ಕೆ 2 ಸೆಕೆಂಡ್, ಹೊಸದಕ್ಕೆ 7ರಿಂದ 9. ಕಾಯದೆ ಹೋದವರು ಲೆಕ್ಕಕ್ಕೇ ಬಂದಿಲ್ಲ. ಹಂಚಿಕೆಯೇನೋ user_id ಮೇಲೇ ಇದೆ, ಅದು ಸರಿ ಇದೆಯಂತೆ.

ಉತ್ತರ

ಹಾಗಾದ್ರೆ ಒಂದು ಲೆಕ್ಕ ನೀವೇ ಹಾಕಿ. ಹೊಸದಕ್ಕೂ 660 ಜನರೇ ಬಂದಿದ್ದರು, 120 ಜನ ಬೇಸತ್ತು ಹೋದರು ಅಂತ ಇಟ್ಕೊಂಡ್ರೆ ಬಾಟ್‌ನಲ್ಲೇ ಮುಗಿಸಿಕೊಂಡವರು 660ಕ್ಕೆ 356, ಅಂದ್ರೆ 54%. ಹಳೇದಕ್ಕಿಂತ 6 ಪಾಯಿಂಟ್ ಕೆಳಗೆ. ಇದು ಖಚಿತ ಅಂತಲ್ಲ. ಹಳೇದರಲ್ಲೂ ಕೆಲವರು ಬಿಟ್ಟುಹೋಗಿರ್ತಾರೆ, ಹೋದವರಲ್ಲಿ ಕೆಲವರು ಮತ್ತೆ ಬಂದು ಮುಗಿಸಿಕೊಂಡಿರಬಹುದು. ಆದ್ರೆ ಮೂರು ವಾರ ಓಡಿಸಿದ್ರೂ ಈ ಸೋರಿಕೆ ಸರಿಹೋಗಲ್ಲ, ಜನ ಹೆಚ್ಚಾದಷ್ಟೂ ತಪ್ಪು ಉತ್ತರದ ಮೇಲೆ ಭರವಸೆ ಹೆಚ್ಚುತ್ತೆ. ಚಾಟ್ ತೆರೆದ ಕ್ಷಣಕ್ಕೇ ಲಾಗ್ ಬರೆಯೋ ಹಾಗೆ ಮಾಡಿ, ಇರೋ ಡೇಟಾ ಬಿಟ್ಟು ಹೊಸದಾಗಿ ಶುರು ಮಾಡಿ. ಒಬ್ಬರು ಐದು ಸಲ ಬಂದ್ರೂ ಲೆಕ್ಕಕ್ಕೆ ಒಬ್ಬರೇ, ಚಾಟ್‌ಗಳನ್ನ ಎಣಿಸಬೇಡಿ.

ಇನ್ನೊಂದು. "ಏಜೆಂಟ್ ಹತ್ತಿರ ಹೋಗಲಿಲ್ಲ" ಅನ್ನೋದನ್ನೇ ಗೆಲುವು ಅಂದ್ರೆ, ಸಿಟ್ಟಾಗಿ ಆ್ಯಪ್ ಮುಚ್ಚಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದವರೂ ಗೆದ್ದವರ ಪಟ್ಟಿಗೆ ಸೇರ್ತಾರೆ. ಮುಂದಿನ ಮೂರು ದಿನದಲ್ಲಿ ಅದೇ ಟಿಕೆಟ್ ವಿಷಯಕ್ಕೆ ಮತ್ತೆ ಸಂಪರ್ಕಿಸಿಲ್ಲ ಅನ್ನೋದನ್ನೂ ಸೇರಿಸಿ. ಹಾಗೆ ಮಾಡಿದಾಗ 60% ಅನ್ನೋ ಮೂಲ ಅಂಕಿಯೇ ಬದಲಾಗುತ್ತೆ, ಎಷ್ಟು ಜನ ಬೇಕು ಅನ್ನೋ ಲೆಕ್ಕ ಮತ್ತೆ ಹಾಕಬೇಕು. ಕೊನೆಗೆ ಬಂದವರ ಮೂರು ದಿನ ಮುಗಿಯೋವರೆಗೂ ಫಲಿತಾಂಶ ತೆಗೆಯಬೇಡಿ.

ಡೆವಲಪರ್

ಇದರಲ್ಲಿ ಒಂದು ಸಿಕ್ಕು ಇದೆ. ಹೊಸ ಬಾಟ್‌ನ ಉತ್ತರ ಚೆನ್ನಾಗಿದೆ, ಆದ್ರೆ ನಿಧಾನ. ಸರ್ವರ್ ಸರಿ ಮಾಡಿದ್ರೆ ನಾಳೆ 3 ಸೆಕೆಂಡಿಗೆ ಬರಬಹುದು. ಈಗ ಸೋತಿತು ಅಂತ ಬರೆದ್ರೆ ನ್ಯಾಯವಾ? ಹಳೇದನ್ನೂ ಬೇಕಂತಲೇ ನಿಧಾನ ಮಾಡಿ ಹೋಲಿಸೋಣ್ವಾ?

ಉತ್ತರ

ಬರೀ ಉತ್ತರದ ಗುಣ ತಿಳಿಯಬೇಕು ಅಂದ್ರೆ ಹಾಗೆ ಮಾಡೋರೂ ಇದ್ದಾರೆ. ನಂಗೆ ಮನಸ್ಸು ಒಪ್ಪಲ್ಲ, ನಾಲ್ಕು ಸಾವಿರ ಜನರನ್ನ ಸುಮ್ಮನೆ ಕಾಯಿಸಿದ ಹಾಗಾಗುತ್ತೆ. ಮೊದಲು ವೇಗ ಸರಿ ಮಾಡಿ, ಆಮೇಲೆ ಟೆಸ್ಟ್ ಅಂತ ನನ್ನ ಅಭಿಪ್ರಾಯ. ಬೇರೆಯವರು ಏನಂತೀರಿ?

ಪ್ರಶ್ನೆ ಕೇಳಿದವರು

ವೇಗ ಸರಿ ಮಾಡೋಕೆ ಎರಡು ವಾರ ಬೇಕಂತೆ ಮೇಡಂ. 54% ಲೆಕ್ಕ ತೋರಿಸಿದ್ಮೇಲೆ ಶುಕ್ರವಾರದ ಮಾತು ಮ್ಯಾನೇಜರ್ ಬಿಟ್ಟಿದ್ದಾರೆ, ಆದ್ರೆ ಮೂರು ವಾರಕ್ಕೆ ಒಪ್ಪಿಲ್ಲ. 5 ಪಾಯಿಂಟ್ ಅಂತ ಹಿಡಿದು ಎರಡೇ ವಾರ ಮಾಡಿ ಅಂತಿದ್ದಾರೆ.

ಉತ್ತರ

ಅದು ಒಪ್ಪಬಹುದಾದ ಮಾತೇ. ಆದ್ರೆ ನಿಜವಾದ ವ್ಯತ್ಯಾಸ 2 ಪಾಯಿಂಟ್ ಇದ್ರೆ ಬಹುಶಃ ಕಾಣೋದೇ ಇಲ್ಲ, 3 ಇದ್ರೂ ತಪ್ಪಿಹೋಗಬಹುದು. ಆಗ "ವ್ಯತ್ಯಾಸ ಇಲ್ಲ" ಅಂತ ಬರೆಯಬೇಡಿ, "5ರಷ್ಟು ದೊಡ್ಡದು ಕಾಣಲಿಲ್ಲ" ಅಂತ ಬರೀರಿ. ಇದನ್ನ ಶುರುವಿಗೆ ಮುಂಚೆಯೇ ಅವರಿಗೆ ಮೇಲ್ ಹಾಕಿಡಿ.