ಅಪ್‌ಡೇಟ್: ಜೆಂಟಾಮೈಸಿನ್ ಝೋನ್ 29 ಮಿ.ಮೀ. ಬರ್ತಿದ್ದದ್ದು ಯಾಕೆ ಅಂತ ಗೊತ್ತಾಯ್ತು

ನಾನು ಕೇಳಿದ್ದು: "ಗುಣಮಟ್ಟ ಪರೀಕ್ಷೆಯ ತಳಿ ಇ. ಕೋಲಿ ಎಟಿಸಿಸಿ 25922ಕ್ಕೆ 10 ಮೈಕ್ರೋಗ್ರಾಂ ಜೆಂಟಾಮೈಸಿನ್ ಡಿಸ್ಕ್ ಇಟ್ಟರೆ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಝೋನ್‌ನ ಅಗಲ 19ರಿಂದ 26 ಮಿ.ಮೀ. ಒಳಗೆ ಬರಬೇಕು. ನನಗೆ ಯಾವಾಗಲೂ 29. ಎಲ್ಲಿ ತಪ್ಪುತ್ತಿದೆ?"

ಮೊದಲು ಹೊಸ ಡಿಸ್ಕ್ ತರಿಸಿ ನೋಡಿದೆ. ಏನೂ ಬದಲಾಗಲಿಲ್ಲ, ದುಡ್ಡು ಸುಮ್ನೆ ಹೋಯ್ತು.

"ಪ್ಲೇಟ್ ಕತ್ತರಿಸಿ ಸ್ಕೇಲ್ ಇಡಿ" ಅಂದವರಿಗೆ ದೊಡ್ಡ ನಮಸ್ಕಾರ. ಅಗಾರ್ ಪದರದ ದಪ್ಪ ಎರಡೂವರೆ ಮಿ.ಮೀ. ಕೂಡ ಇರಲಿಲ್ಲ, ಬೇಕಾದದ್ದು 4. ಮೀಡಿಯಾ ಉಳಿಸೋಣ ಅಂತ 90 ಮಿ.ಮೀ. ಪ್ಲೇಟಿಗೆ 15 ಎಂ.ಎಲ್. ಸುರಿಯುತ್ತಿದ್ದೆವು. ಪದರ ತೆಳುವಾದರೆ ಔಷಧ ಕೆಳಗಿಳಿಯಲು ಜಾಗವಿಲ್ಲದೆ ಪಕ್ಕಕ್ಕೆ ಹೆಚ್ಚು ಹರಡುತ್ತದೆ, ಝೋನ್ ಹಿಗ್ಗುತ್ತದೆ. 25 ಎಂ.ಎಲ್. ಸುರಿದ ಮೇಲೆ 27ಕ್ಕೆ ಇಳಿಯಿತು. ಆದರೂ ಒಂದು ಜಾಸ್ತಿ!

ಉಳಿದ ತಪ್ಪು ಇನಾಕ್ಯುಲಮ್‌ನದು, ಅಂದರೆ ಪ್ಲೇಟಿಗೆ ಹಚ್ಚುವ ಬ್ಯಾಕ್ಟೀರಿಯಾ ಸಸ್ಪೆನ್ಷನ್ನದು. ಇದು ನಾನು ಊಹಿಸಿಯೇ ಇರಲಿಲ್ಲ. ಸಸ್ಪೆನ್ಷನ್ ಎಷ್ಟು ಮಬ್ಬಾಗಿರಬೇಕು ಅಂತ ಹೋಲಿಸಿ ನೋಡುವ ನಮ್ಮ 0.5 ಮೆಕ್‌ಫಾರ್ಲೆಂಡ್ ಟ್ಯೂಬಿನ ಬಿಳಿ ಪುಡಿ ತಳಕ್ಕೆ ಕೂತಿತ್ತು. ಅಲುಗಾಡಿಸದೆ ಅದರ ಮೇಲಿನ ತಿಳಿಗೆ ಹೋಲಿಸುತ್ತಿದ್ದೆ. ಹಾಗಾಗಿ ನನ್ನ ಸಸ್ಪೆನ್ಷನ್ನೂ ತೆಳು. ಬ್ಯಾಕ್ಟೀರಿಯಾ ಕಡಿಮೆಯಿದ್ದರೆ ಹುಲ್ಲುಹಾಸಿನಂತೆ ದಟ್ಟವಾಗುವಷ್ಟರಲ್ಲಿ ಔಷಧ ಇನ್ನೂ ದೂರ ಹೋಗಿರುತ್ತದೆ. ಟ್ಯೂಬ್ ಚೆನ್ನಾಗಿ ವೋರ್ಟೆಕ್ಸ್ ಮಾಡಿ, ಹಿಂದೆ ಕಪ್ಪು ಗೆರೆಯ ಬಿಳಿ ಕಾರ್ಡ್ ಹಿಡಿದು ಹೋಲಿಸಿದೆ. ಮೂರು ದಿನ 23, 22, 23.

ಇನ್ನೊಂದು ವಿಷಯ. ಧಾರವಾಡದ ನಮ್ಮ ಲ್ಯಾಬಿನ ಕಡಪಾ ಕಲ್ಲಿನ ಕಟ್ಟೆ ಸ್ವಲ್ಪ ವಾಲಿದೆ. ಅದರ ಮೇಲೆ ಗಟ್ಟಿಯಾದ ಪ್ಲೇಟಿನಲ್ಲಿ ಒಂದು ಬದಿಯ ಝೋನ್ ಇನ್ನೊಂದಕ್ಕಿಂತ 2 ಮಿ.ಮೀ. ದೊಡ್ಡದು. ಈಗ ಸುರಿಯುವ ಮುಂಚೆ ಮೇಸ್ತ್ರಿಗಳ ರಸಮಟ್ಟ ಇಟ್ಟು ನೋಡುತ್ತೇವೆ.