ಪದಚರ್ಚೆ: ‘ಪಿತೃಪ್ರಭುತ್ವ’ವನ್ನು ಒಂಬತ್ತನೆಯ ತರಗತಿಯ ಹುಡುಗಿಗೆ ತಿಳಿಸುವುದು ಹೇಗೆ?

ಪ್ರಶ್ನೆ, ಶಿರಸಿಯಿಂದ:

ಮಾನ್ಯರೇ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಪತ್ರಿಕೆಯೊಂದರಲ್ಲಿ ‘ಪಿತೃಪ್ರಭುತ್ವ’ ಎಂಬ ಪದವನ್ನು ಕಂಡು, “ಅಪ್ಪನ ದರ್ಬಾರು ಎಂದು ತಾನೇ ಇದರ ಅರ್ಥ? ಹಾಗಾದರೆ ಅದು ನಮ್ಮ ಮನೆಯಲ್ಲಿಲ್ಲ, ಅಪ್ಪ ಯಾರಿಗೂ ಜೋರು ಮಾಡುವುದಿಲ್ಲ” ಎಂದಳು. ಅವಳ ಅಪ್ಪ ಸೌಮ್ಯರೆಂಬುದು ನಿಜ. ಆದರೆ ಸುಗ್ಗಿಯಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವಳು ನನ್ನ ತಂಗಿ. ಆ ಅಡಿಕೆಯನ್ನು ಈಗಲೇ ಮಾರುವುದೋ, ದರ ಏರುವವರೆಗೆ ಇಟ್ಟುಕೊಳ್ಳುವುದೋ ಎಂಬ ಮಾತು ಬಂದಾಗ ಅವಳನ್ನು ಯಾರೂ ಕೇಳುವುದಿಲ್ಲ, ತನ್ನನ್ನು ಕೇಳಬೇಕಿತ್ತೆಂದು ಅವಳಿಗೂ ಅನ್ನಿಸುವುದಿಲ್ಲ. ಇದನ್ನು ಆ ಪದಕ್ಕೆ ಜೋಡಿಸಿ ಸರಳವಾಗಿ ಹೇಳುವ ಬಗೆಯನ್ನು ತಿಳಿಸಿಕೊಡಬೇಕಾಗಿ ವಿನಂತಿ.

ಕುಮಟಾದ ನಿವೃತ್ತ ಶಿಕ್ಷಕರು:

‘ಪುರುಷಪ್ರಧಾನ ವ್ಯವಸ್ಥೆ’ ಎಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಗಂಡಸರು ಹೆಂಗಸರ ಮೇಲೆ ನಡೆಸುವ ದಬ್ಬಾಳಿಕೆ ಎಂಬುದೇ ಅದರ ಅರ್ಥ. ಹಬ್ಬದ ದಿನ ಗಂಡಸರ ಪಂಕ್ತಿ ಮೊದಲು ಏಳುತ್ತದೆ, ಬಡಿಸಿದವರು ಕೊನೆಗೆ ಉಳಿದ ಸಾರಿನಲ್ಲಿ ಉಣ್ಣುತ್ತಾರೆ. ಈ ಒಂದು ಉದಾಹರಣೆ ಸಾಕು.

ಕಾರವಾರದಿಂದ ಒಬ್ಬರು:

ನಮ್ಮದು ಮೀನುಗಾರರ ಮನೆ. ಮೀನು ಮಾರುವವಳು ಆಯಿ, ದರ ಹೇಳುವವಳೂ ಅವಳೇ. ನನ್ನ ಕಾಲೇಜಿನ ಶುಲ್ಕವೂ ಅವಳ ಸೆರಗಿನ ಗಂಟಿನಿಂದಲೇ ಬಂದಿತು. ಆದ್ದರಿಂದ ಈ ಪದ ಘಟ್ಟದ ಮೇಲಿನವರಿಗೆ ಸಲ್ಲುತ್ತದೆಯೇ ಹೊರತು ನಮಗಲ್ಲ ಎಂದು ನನ್ನ ಅಭಿಪ್ರಾಯ. ಅಪ್ಪ ತೀರಿಕೊಂಡ ಮೇಲೆ ದೋಣಿಯೂ ಮನೆಯೂ ಅಣ್ಣನ ಹೆಸರಿಗಾದವು. ಅದು ಎಲ್ಲ ಕಡೆಯೂ ಇರುವುದೇ.

ಶಿರಸಿಯ ವಕೀಲರೊಬ್ಬರು:

ಕಾರವಾರದವರು ಕೊನೆಯಲ್ಲಿ ಹೇಳಿ ಮುಗಿಸಿದ್ದೇ ಈ ಪದದ ತಿರುಳು. ದುಡಿಮೆಯಾಗಲಿ, ದಿನದ ಖರ್ಚಿನ ಕೈಯಾಗಲಿ ಹೆಂಗಸಿನದಾಗಿರಬಹುದು. ಹೆಸರು, ಆಸ್ತಿ ಮತ್ತು ಕೊನೆಯ ಮಾತು ಮಾತ್ರ ಯಾರೂ ಚರ್ಚಿಸದೆಯೇ ಗಂಡಿನ ಕಡೆಗೆ ಸೇರುತ್ತವೆ. ದಬ್ಬಾಳಿಕೆ ಎಂದು ಬಿಟ್ಟರೆ ಹುಡುಗಿ ತನ್ನ ಮನೆಯಲ್ಲಿ ಕೇಡಿಗನೊಬ್ಬನನ್ನು ಹುಡುಕುತ್ತಾಳೆ, ಸಿಕ್ಕದಿದ್ದಾಗ ಪದವನ್ನೇ ಕೈಬಿಡುತ್ತಾಳೆ. ಮಾಸ್ತರರು ಹೇಳಿದ ಪಂಕ್ತಿಯಲ್ಲೂ ‘ಮೊದಲು ಗಂಡಸರದ್ದಾಗಲಿ’ ಎನ್ನುವವಳು ಸಾಮಾನ್ಯವಾಗಿ ಅಜ್ಜಿಯೇ.

ನಾನು ಹಕ್ಕು ಬಿಡುಗಡೆ ಪತ್ರವನ್ನು ಉದಾಹರಣೆಯಾಗಿ ಕೊಡುತ್ತೇನೆ. ಹಿರಿಯರಿಂದ ಬಂದ ಎರಡು ಎಕರೆ ತೋಟವಿದೆ, ಮಕ್ಕಳು ಒಬ್ಬ ಅಣ್ಣ ಮತ್ತು ಇಬ್ಬರು ತಂಗಿಯರು ಎಂದುಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾನೂನಿಗೆ ಕರ್ನಾಟಕವು 1994ರಲ್ಲಿ ಜಾರಿಗೆ ತಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತಾದರೂ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಹೀಗಿದ್ದರೂ ತಂದೆಯ ಕಾಲಾನಂತರ ತಂಗಿಯರಿಬ್ಬರೂ ಉಪನೋಂದಣಿ ಕಚೇರಿಗೆ ಬಂದು ಅಣ್ಣನ ಪರವಾಗಿ ಸಹಿ ಹಾಕುತ್ತಾರೆ, ಪಹಣಿಯಲ್ಲಿ ಅವನೊಬ್ಬನ ಹೆಸರು ಉಳಿಯುತ್ತದೆ.

ಅವರನ್ನು ಯಾರೂ ಹೆದರಿಸಿರುವುದಿಲ್ಲ. ‘ಮದುವೆಗೆ ಖರ್ಚು ಮಾಡಿದ್ದಾರಲ್ಲ’ ಎಂಬುದು ಅವರ ಲೆಕ್ಕ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು, ಚೌತಿಗೆ ಕರೆಯುವವರಿಲ್ಲದಂತಾದೀತು ಎಂಬುದು ಅವರ ಅಳುಕು. ಅಣ್ಣನ ಮದುವೆಗೂ ಖರ್ಚಾಗಿತ್ತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಲು ಪಡೆದದ್ದಕ್ಕಾಗಿ ಅವನು ತವರನ್ನು ಕಳೆದುಕೊಳ್ಳುವ ಪ್ರಶ್ನೆಯೂ ಏಳುವುದಿಲ್ಲ. ಒಂದೇ ಹಕ್ಕನ್ನು ಒಬ್ಬರು ಕೇಳದೆ ಪಡೆಯುತ್ತಾರೆ, ಇನ್ನೊಬ್ಬರು ಕೇಳಿದರೆ ಸಂಬಂಧವನ್ನೇ ಪಣಕ್ಕೊಡ್ಡಬೇಕಾಗುತ್ತದೆ. ಸೌಮ್ಯನಾದ ಅಪ್ಪನಿರುವ ಮನೆಯಲ್ಲೂ ಪಿತೃಪ್ರಭುತ್ವ ಇರುವುದು ಹೀಗೆ. ನಿಮ್ಮ ತಂಗಿಯ ಮಗಳಿಗೆ ಅಡಿಕೆಯ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿ: ‘ಈ ವರ್ಷ ಮಾರುವುದು ಬೇಡ’ ಎಂದು ಅವಳ ಅಮ್ಮ ಹೇಳಿದರೆ ಮಾರಾಟ ನಿಲ್ಲುತ್ತದೆಯೇ?

ಕಾರವಾರದಿಂದ, ಮತ್ತೆ:

ಆಯಿಯೇ ಮನಸಾರೆ ‘ಅವನ ಹೆಸರಿಗಿರಲಿ’ ಎಂದಿದ್ದಳು. ಅವಳ ಇಷ್ಟವನ್ನೂ ಹೀಗೆ ಅಳೆಯುವುದು ಸರಿಯೇ?

ವಕೀಲರು:

ಅವಳ ಮನಸ್ಸನ್ನು ನಾನು ಅಳೆಯಲಾರೆ. ನಿಮ್ಮ ಹೆಸರನ್ನೂ ಸೇರಿಸುವ ಮಾತು ಆ ದಿನ ಯಾರ ಬಾಯಲ್ಲಾದರೂ ಬಂದಿತ್ತೇ ಎಂದಷ್ಟೇ ಕೇಳುತ್ತೇನೆ.

ಕುಮಟಾದ ಶಿಕ್ಷಕರು:

ದಬ್ಬಾಳಿಕೆ ಎಂಬ ಮಾತನ್ನು ಹಿಂತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ಹೊಡೆತ ಬಡಿತ ನಡೆಯುವ ಮನೆಗಳೂ ಇವೆ, ಅಲ್ಲಿಯ ಮಕ್ಕಳಿಗೆ ಮೃದುವಾದ ವಿವರಣೆ ಅನ್ಯಾಯವಾಗುತ್ತದೆ. ಆದರೆ ಈ ಹುಡುಗಿಯ ಮಟ್ಟಿಗೆ ಅಡಿಕೆಯ ಪ್ರಶ್ನೆಯೇ ಸರಿ. ಸಹಿಯ ವಿಷಯ ಹತ್ತನೆಯ ತರಗತಿ ದಾಟಲಿ.

ಶಿರಸಿಯಿಂದ, ಪ್ರಶ್ನೆ ಕೇಳಿದವರು:

ಅದನ್ನು ಮುಂದೂಡಲು ಆಗುವುದಿಲ್ಲ. ನಮ್ಮ ಹಿರಿಯರ ತೋಟದ ಪತ್ರಕ್ಕೆ ಅವಳ ಅಮ್ಮ ಬರುವ ತಿಂಗಳು ಸಹಿ ಹಾಕುವುದೆಂದು ಮಾತಾಗಿದೆ, ಆ ಪತ್ರ ಆಗುತ್ತಿರುವುದು ನನ್ನ ಹೆಸರಿಗೆ.