ಸಂಜೆಯ ಹೊಗೆ, ನಡುರಾತ್ರಿಯ ಕೆಮ್ಮು: ನೀವು ಏನು ಮಾಡಿದಿರಿ?

ಶಿವಮೊಗ್ಗದಲ್ಲಿ ಬಾಡಿಗೆ ಮನೆ. ಸಂಜೆ ಅತ್ತೆ ಸಾಂಬ್ರಾಣಿ, ಒಣ ಬೇವಿನ ಸೊಪ್ಪಿನ ಹೊಗೆ ಹಾಕುತ್ತಾರೆ. ಮಲಗುವಾಗ ಸೊಳ್ಳೆ ಕಾಯಿಲ್. ಆರು ವರ್ಷದ ಮಗನಿಗೆ ನಡುರಾತ್ರಿ ಕೆಮ್ಮು, ಎದೆಯಲ್ಲಿ ಸುಯ್ ಸುಯ್. ಹೊಗೆ ಹಾಕುವುದನ್ನು ಬಿಟ್ಟವರು ಹೇಳ್ತೀರಾ?

ಮೈಸೂರಿನವರು: ನನಗೇ ಉಬ್ಬಸ. ಮನೆಯಲ್ಲಿ ಯಾರೂ ನಂಬಲಿಲ್ಲ, ಅದಕ್ಕೆ ಊದಿದ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ತಂದೆ. ಬೆಳಿಗ್ಗೆ ಮೂರು ಸಲ ಊದಿ, ಜಾಸ್ತಿ ಬಂದದ್ದನ್ನು ಕ್ಯಾಲೆಂಡರಿನಲ್ಲಿ ಬರೆದೆ. ಕಾಯಿಲ್ ಹಚ್ಚಿದ ವಾರ 290, 300, 280. ನಿಲ್ಲಿಸಿದ ಎರಡನೇ ವಾರ 370. ಐದು ಕಿಟಕಿಗೆ ಜಾಲರಿ ಹಾಕಿಸಿದೆ, 4,200 ರೂಪಾಯಿ. ಮೂರೇ ತಿಂಗಳಿಗೆ ಬೆಕ್ಕು ಒಂದನ್ನು ಹರಿಯಿತು. ಮತ್ತೆ 750!

ಶಿರಸಿಯವರು: ಕಾಯಿಲ್ ಕೆಮಿಕಲ್, ಒಪ್ಪಿದೆ. ಸೊಪ್ಪನ್ನು ಯಾಕೆ ಬೈಯ್ಯುವುದು? ನಮ್ಮಜ್ಜಿ 88 ವರ್ಷ ಲಕ್ಕಿ ಸೊಪ್ಪಿನ ಹೊಗೆಯಲ್ಲೇ ಬದುಕಿದರು.

ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆ ಮಾಡುವವಳು: ಕಾಯಿಲ್‌ನಲ್ಲಿ ಸೊಳ್ಳೆ ಔಷಧಿ ಶೇ. 1ಕ್ಕಿಂತ ಕಮ್ಮಿ. ಉಳಿದದ್ದು ಮರದ ಹುಡಿ, ತೆಂಗಿನ ಚಿಪ್ಪಿನ ಪುಡಿ, ಅಂಟು. ಎದೆಗೆ ಇಳಿಯುವುದು ಮುಖ್ಯವಾಗಿ ಆ ಹುಡಿ ಸುಟ್ಟ ಹೊಗೆ. ಸೊಪ್ಪು ಸುಟ್ಟರೂ ಅದೇ ಜಾತಿಯ ಸಣ್ಣ ಕಣ. ಅರ್ಧ ಒಣಗಿದ್ದರಂತೂ ಉರಿಯದೆ ಕಮರಿ ಇನ್ನೂ ದಟ್ಟ ಹೊಗೆ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಅಂತ 2003ರಲ್ಲಿ ಚೀನಾ, ಮಲೇಷ್ಯಾದ ಕಾಯಿಲ್‌ಗಳನ್ನು ಅಳೆದವರು ಬರೆದಿದ್ದರು. ಅಜ್ಜಿಯ ಮನೆ ಹಂಚಿನದಲ್ವಾ? ಹೊಗೆ ಸಂದಿಯಲ್ಲಿ ಹೋಗುತ್ತಿತ್ತು. ಆರ್‌ಸಿಸಿ ಮನೆಯಲ್ಲಿ ಕಿಟಕಿ ಮುಚ್ಚಿದರೆ ಎಲ್ಲಿ ಹೋಗಬೇಕು?

ಶಿರಸಿಯವರು: ಹಂಚಿನ ಸಂದಿಯಲ್ಲಿ ಸೊಳ್ಳೆಯೂ ಬರುತ್ತದೆ ಮೇಡಂ. ಹೊಗೆ ಇಲ್ಲದೆ ಒಂದು ಮಳೆಗಾಲ ಕಳೆದು ನೋಡಿ.

ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆ ಮಾಡುವವಳು: ಕಳೆದಿದ್ದೇನೆ, ಪರದೆಯೊಳಗೆ. ನಮ್ಮತ್ತೆಯೂ 80 ದಾಟಿದವರೇ. ಒಲೆಯ ಹೊಗೆಯಲ್ಲಿ ಎದೆ ಹೋಗಿದೆ, ಬೀಡಿ ಮುಟ್ಟಿದವರಲ್ಲ. ವಯಸ್ಸು ಹೇಳಿ ಬಾಯಿ ಮುಚ್ಚಿಸಬೇಡಿ.

ಹುಬ್ಬಳ್ಳಿಯವರು: ನಾವು ಸೊಳ್ಳೆ ಅಗರಬತ್ತಿಗೆ ಬದಲಾದೆವು. ಹೊಗೆ ಕಮ್ಮಿ, ಪೆಟ್ಟಿಗೆ ಮೇಲೆ ಬೇವಿನ ಚಿತ್ರ. ನಾಲ್ಕೇ ದಿನಕ್ಕೆ ಮಗಳ ಕಣ್ಣು ಕೆಂಪು. ತಿರುಗಿಸಿ ನೋಡಿದರೆ ಏನು ಔಷಧಿ ಅಂತ ಒಂದಕ್ಷರ ಇಲ್ಲ, ನೋಂದಣಿ ನಂಬರೂ ಇಲ್ಲ. ಅಂಗಡಿಯವನ ಜೊತೆ ಜಗಳವಾಯಿತು, 60 ರೂಪಾಯಿ ವಾಪಸ್ ಬರಲಿಲ್ಲ.

ಮೈಸೂರಿನವರು: 60ಕ್ಕೆ ಇಷ್ಟಾ? ನನ್ನ 4,950 ಲೆಕ್ಕ ನೋಡಿ.

ಹುಬ್ಬಳ್ಳಿಯವರು: ಬೆಕ್ಕು ಸಾಕಿದ್ದು ನೀವು, ನಾನಲ್ಲ.

ಆಸ್ಪತ್ರೆಯಲ್ಲಿ ಉಸಿರಿನ ಪರೀಕ್ಷೆ ಮಾಡುವವಳು: ಕೇಳಿದ ತಾಯಿಗೆ: ಸುಯ್ ಸುಯ್ ಅಂದರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಉಸಿರು ಎಳೆಯುವಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋದರೆ ಆ ರಾತ್ರಿಯೇ ಹೋಗಿ. ಹೊಗೆ ನಿಲ್ಲಿಸಿದ ಮಾತ್ರಕ್ಕೆ ಕೆಲವರಿಗೆ ಪೂರ್ತಿ ಹೋಗಲ್ಲ.

ಶಿರಸಿಯವರು: ಬಾಡಿಗೆ ಮನೆಗೆ ಜಾಲರಿ ಖರ್ಚು ಯಾರದು, ಅದನ್ನು ಹೇಳಿ ಮೊದಲು.